ಜಾಗ ಬದಲಿಸಿ ಇನ್ನೊಮ್ಮೆ ಕೇಳಿ

ಮನೆಯಲ್ಲೇ ಓಆರ್‌ಎಸ್ ಮಾಡುವುದು ಹೇಗೆಂದು ಎರಡು ಚಾಟ್‌ಬಾಟ್‌ಗಳನ್ನು ಕೇಳಿದೆವು ಎಂದಿಟ್ಟುಕೊಳ್ಳಿ. ಎ ಕೊಟ್ಟದ್ದು ಎರಡೇ ಸಾಲು: ಕುದಿಸಿ ಆರಿಸಿದ 1 ಲೀಟರ್ ನೀರು, 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಬಿ ಅರ್ಧ ಪುಟ ಬರೆದಿದೆ, ಯಾವಾಗ ವೈದ್ಯರ ಹತ್ತಿರ ಓಡಬೇಕೆಂಬುದನ್ನೂ ಹೇಳಿದೆ. ಆದರೆ ಉಪ್ಪು 2 ಚಮಚ ಎಂದಿದೆ. ಇವೆರಡರಲ್ಲಿ ಯಾವುದು ಮೇಲು?

ಇಂಥ ತೀರ್ಪನ್ನು ಈಗ ಇನ್ನೊಂದು ಭಾಷಾ ಮಾದರಿಗೇ ಒಪ್ಪಿಸುವುದು ರೂಢಿಯಾಗಿದೆ. ಒಟ್ಟಾರೆ ಯಾವುದು ಚೆನ್ನ ಎಂದು ಕೇಳಿದರೆ ಬಿ ತನ್ನ ಮಾತಿನ ಧಾರಾಳದಿಂದಲೇ ಗೆದ್ದುಬಿಡಬಹುದು. ಆದ್ದರಿಂದ ನಿಖರತೆ, ಸ್ಪಷ್ಟತೆ, ವಿವರ ಎಂದು ಮಾನದಂಡಗಳನ್ನು ಬಿಡಿಸಿ, ಒಂದೊಂದಕ್ಕೂ ಬೇರೆ ತೀರ್ಪು ಕೇಳುತ್ತಾರೆ:

```
{"criterion": "ನಿಖರತೆ",
 "reason": "ಬಿ ಉಪ್ಪು 2 ಚಮಚ ಎನ್ನುತ್ತದೆ; ಇದು ಅಪಾಯಕಾರಿ",
 "winner": "A"}
```

ಇಲ್ಲಿ ಕಾರಣ ಮೊದಲು, ವಿಜೇತ ಆಮೇಲೆ ಬಂದಿರುವುದನ್ನು ಗಮನಿಸಿ. ಮಾದರಿ ಪದದ ಹಿಂದೆ ಪದ ಪೋಣಿಸುತ್ತಾ ಹೋಗುತ್ತದೆ. ಮೊದಲೇ "A" ಎಂದು ಬರೆಸಿದರೆ, ಮುಂದಿನ ಕಾರಣವೆಲ್ಲ ಆ ಅಕ್ಷರದ ಸಮರ್ಥನೆಯಾದೀತು. ಕಾರಣ ಚಿಕ್ಕದಿರಲಿ, ಆದರೆ ಉತ್ತರದ ಯಾವುದೋ ಒಂದು ಜಾಗವನ್ನು ಬೊಟ್ಟು ಮಾಡಿ ತೋರಿಸಲಿ. 'ಹೆಚ್ಚು ಸಮಗ್ರವಾಗಿದೆ' ಎಂಬುದು ನನ್ನ ಲೆಕ್ಕದಲ್ಲಿ ಕಾರಣವೇ ಅಲ್ಲ. ಅದನ್ನು ಪರೀಕ್ಷಿಸಲು ಬರುವುದಿಲ್ಲ.

ಈ ತೀರ್ಪುಗಾರನಿಗೆ ಒಂದು ವಿಚಿತ್ರ ಚಾಳಿಯಿದೆ: ಎಷ್ಟೋ ಸಲ ಮೊದಲು ಓದಿದ್ದಕ್ಕೇ ಒಲಿಯುತ್ತದೆ. 2023ರಲ್ಲಿ ಅಮೆರಿಕದ ಸಂಶೋಧಕರು ಎಂಟಿ-ಬೆಂಚ್ ಎಂಬ ಪ್ರಶ್ನಾವಳಿ ಇಟ್ಟುಕೊಂಡು ಇದನ್ನು ಅಳೆದರು. ಉತ್ತರಗಳ ಸ್ಥಾನ ಅದಲುಬದಲು ಮಾಡಿದಾಗ, ಆಗಿನ ಬಲಿಷ್ಠ ಮಾದರಿ ಜಿಪಿಟಿ-4 ಕೂಡ ಎಷ್ಟೋ ಜೋಡಿಗಳಲ್ಲಿ ತೀರ್ಪು ಬದಲಿಸಿತು. ಅವರು ಸೂಚಿಸಿದ ಮದ್ದು ಸರಳ: ಜಾಗ ಬದಲಿಸಿ ಎರಡು ಸಲ ಕೇಳಿ, ಎರಡರಲ್ಲೂ ಗೆದ್ದರೆ ಮಾತ್ರ ಗೆಲುವು, ಇಲ್ಲವಾದರೆ ಸಮ.

ನಮ್ಮ ಜೋಡಿಗೆ ಹಚ್ಚಿ ನೋಡೋಣ. ನಿಖರತೆಯಲ್ಲಿ ಎರಡು ಸಲವೂ ಎ. ಅಲ್ಲಿಗೆ ಅದು ಇತ್ಯರ್ಥ. ವಿವರದಲ್ಲಿ ಎರಡು ಸಲವೂ ಬಿ. ಸ್ಪಷ್ಟತೆಯಲ್ಲಿ ಮಾತ್ರ ಎ ಮೊದಲಿದ್ದಾಗ ಎ, ಬಿ ಮೊದಲಿದ್ದಾಗ ಬಿ ಗೆದ್ದವು ಎನ್ನಿ. ಗೆದ್ದದ್ದು ಜಾಗ, ಉತ್ತರವಲ್ಲ, ಹಾಗಾಗಿ ಸಮ. ಈ ಸಮ ತೀರ್ಪುಗಾರನ ಬಾಯಿಂದ ಬಂದದ್ದಲ್ಲ, ನಾವು ಎರಡು ತೀರ್ಪು ಹೋಲಿಸಿ ಬರೆದುಕೊಂಡದ್ದು. ಒಟ್ಟು ಲೆಕ್ಕ 1-1 ಆಯಿತೆಂದು ಬಿಡುವಂತಿಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಕುತ್ತು, ಹಾಗಾಗಿ ನಿಖರತೆಯ ತೂಕವನ್ನು ಮೊದಲೇ ನಿಗದಿ ಮಾಡಿರಬೇಕು.

ಜಾಗ ಬದಲಿಸಿದರೂ ಸಿಕ್ಕಿಬೀಳದ ಕಳ್ಳ ಉದ್ದ. ಬಿ ಎಲ್ಲಿ ಕೂತರೂ ಅದರ ಅರ್ಧ ಪುಟ ಜೊತೆಗೇ ಬರುತ್ತದೆ. ಹಿಡಿಯಲು ಒಂದು ಉಪಾಯವಿದೆ: ಎ ಉತ್ತರದ ಅವೇ ಎರಡು ಸಾಲನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಿ ಉದ್ದ ಮಾಡಿ, ಮೂಲದ ಎದುರು ನಿಲ್ಲಿಸಿ. ವಿವರದಲ್ಲಿ ಹಿಗ್ಗಿಸಿದ್ದೇ ಎರಡೂ ಸಲ ಗೆದ್ದರೆ, ಆ ಮಾನದಂಡದಲ್ಲಿ ಬಿ ಪಡೆದ ಗೆಲುವನ್ನೂ ನಂಬುವ ಹಾಗಿಲ್ಲ.