ಚಂಬಲ್ ದಂಡೆಯಲ್ಲಿ ಮಲಗಿರುವುದು ಯಾವ ಮೊಸಳೆ?

ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಚಂಬಲ್ ನದಿಯ ನೀರು ಕೊರೆಯುತ್ತದೆ. ಬಿಸಿಲು ಏರುತ್ತಿದ್ದಂತೆ ಮೊಸಳೆಗಳೆಲ್ಲ ದಡಕ್ಕೆ ಬಂದು ಮೈ ಕಾಯಿಸಿಕೊಳ್ಳುತ್ತವೆ. ರಾಜಸ್ಥಾನದ ಧೋಲಪುರ ಮತ್ತು ಮಧ್ಯಪ್ರದೇಶದ ಮೊರೆನಾ ನಡುವೆ ದೋಣಿಯಲ್ಲಿ ಸಾಗುವ ಪ್ರವಾಸಿಗರು ಅತಿ ಹೆಚ್ಚು ಫೋಟೊ ತೆಗೆಯುವುದು ಆಗಲೇ. ಆ ಫೋಟೊಗಳಲ್ಲಿ ಎರಡು ಜಾತಿಯ ಪ್ರಾಣಿಗಳಿರುತ್ತವೆ. ಒಂದು ಘರಿಯಾಲ್. ಇನ್ನೊಂದು ನಮ್ಮ ರಂಗನತಿಟ್ಟಿನ ಬಂಡೆಗಳ ಮೇಲೆ, ದಾಂಡೇಲಿಯ ಕಾಳಿ ನದಿಯಲ್ಲಿ ಕಾಣುವ ಅದೇ ಮಗರ್ ಮೊಸಳೆ. ಕೆಲವೊಮ್ಮೆ ಒಂದೇ ಮರಳ ದಿಬ್ಬದ ಮೇಲೆ ಎರಡೂ ಅಕ್ಕಪಕ್ಕ ಮಲಗಿರುತ್ತವೆ.

ಎದುರಿಗೆ ಕಂಡಾಗ ಇವೆರಡರ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಫೋಟೊದಲ್ಲಿ ಮಾತ್ರ ಜನ ಎಡವುತ್ತಾರೆ, ಅದಕ್ಕೆ ಹೆಚ್ಚಿನ ಪಾಲು ಕಾರಣ ಎರಡು ಅರ್ಧಸತ್ಯಗಳು. ‘ಮೂಗಿನ ತುದಿಯಲ್ಲಿ ಗಡ್ಡೆಯಿದ್ದರೆ ಘರಿಯಾಲ್’ ಎಂಬುದು ಒಂದು. ‘ಬಾಯಿ ಮುಚ್ಚಿದಾಗಲೂ ಹಲ್ಲು ಕಂಡರೆ ಘರಿಯಾಲ್’ ಎಂಬುದು ಇನ್ನೊಂದು.

ಗಡ್ಡೆಯ ವಿಷಯ ಬೇಗ ಮುಗಿಸಬಹುದು. ಅದು ಬರುವುದು ಪ್ರಾಯಕ್ಕೆ ಬಂದ ಗಂಡು ಘರಿಯಾಲ್‌ಗೆ ಮಾತ್ರ, ಅದೂ ಹುಟ್ಟಿ ಹತ್ತು ವರ್ಷ ಕಳೆದ ಮೇಲೆ. ಹೆಣ್ಣಿಗೆ ಬರುವುದೇ ಇಲ್ಲ. ಚಂಬಲ್‌ನ ಒಂದು ದಿಬ್ಬದ ಮೇಲೆ ಒಂದು ದೊಡ್ಡ ಗಂಡಿನ ಸುತ್ತ ಹಲವು ಹೆಣ್ಣುಗಳೂ ಎಳೆಯ ಪ್ರಾಣಿಗಳೂ ಮಲಗಿರುವುದು ಸಾಮಾನ್ಯವಾದ್ದರಿಂದ, ಅಂಥ ಫೋಟೊದಲ್ಲಿ ಗಡ್ಡೆ ಕಾಣುವುದು ಒಂದಕ್ಕೆ ಮಾತ್ರ. ಗಡ್ಡೆ ಇದ್ದರೆ ಅದು ಘರಿಯಾಲ್ ಎನ್ನುವುದು ನಿಜ, ಆದರೆ ಇಲ್ಲದಿದ್ದರೆ ಏನನ್ನೂ ಹೇಳುವಂತಿಲ್ಲ.

ಹಲ್ಲಿನ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಬಾಯಿ ಮುಚ್ಚಿದಾಗ ಹಲ್ಲು ಹೊರಗೆ ಕಾಣುವುದು ಎರಡು ಪ್ರಾಣಿಗಳಲ್ಲೂ ಉಂಟು. ಮೊಸಳೆಗೆ ಹಲ್ಲನ್ನು ಮುಚ್ಚುವ ತುಟಿಯೇ ಇಲ್ಲ. ಹಾಗಾಗಿ ನೋಡಬೇಕಾದದ್ದು ಯಾವ ಹಲ್ಲು ಕಾಣುತ್ತಿದೆ, ಯಾವ ಅಳತೆಯಲ್ಲಿದೆ, ದವಡೆಯ ಅಂಚು ಹೇಗಿದೆ ಎಂಬುದನ್ನು.

ಮಗರ್ ಮೊಸಳೆಯ ದವಡೆಯನ್ನು ಪಕ್ಕದಿಂದ ನೋಡಿ. ಬಾಯಿಯ ಗೆರೆ ನೇರವಾಗಿರುವುದಿಲ್ಲ, ಮೇಲಕ್ಕೂ ಕೆಳಕ್ಕೂ ಡೊಂಕಾಗಿ ಸಾಗುತ್ತದೆ. ಆ ಡೊಂಕಿಗೆ ತಕ್ಕಂತೆ ಹಲ್ಲುಗಳೂ ಒಂದು ದಪ್ಪ, ಒಂದು ಸಣ್ಣ, ಮತ್ತೆ ಒಂದು ದಪ್ಪ ಎನ್ನುವಂತೆ ಇರುತ್ತವೆ. ಮೂಗಿನ ಹೊಳ್ಳೆಗಳ ಸ್ವಲ್ಪ ಹಿಂದೆ ಮೇಲ್ದವಡೆ ಎರಡೂ ಕಡೆ ಒಳಕ್ಕೆ ಚಿವುಟಿದಂತೆ ಕಿರಿದಾಗಿದೆ. ಕೆಳದವಡೆಯ ನಾಲ್ಕನೇ ಹಲ್ಲು ಆ ಕಚ್ಚಿನಲ್ಲಿ ಮೇಲ್ಮುಖವಾಗಿ ಬಂದು ಕೂರುತ್ತದೆ. ಉಳಿದವುಗಳಿಗಿಂತ ದಪ್ಪನೆಯ, ಬಿಳಿಯ ಗೂಟದಂಥ ಹಲ್ಲು ಅದು. ಫೋಟೊವನ್ನು ದೊಡ್ಡದು ಮಾಡಿ ಮೂತಿಯ ಮುಂಭಾಗಕ್ಕೆ ಹೋದರೆ ಮೊದಲು ಕಣ್ಣಿಗೆ ಬೀಳುವುದೂ ಅದೇ. ಮುದಿ ಮೊಸಳೆಯಲ್ಲಿ ಅದು ಮುರಿದಿರಬಹುದು, ಆದರೆ ಕಚ್ಚು ಉಳಿದೇ ಇರುತ್ತದೆ.

ಘರಿಯಾಲ್‌ನ ಬಾಯಿಯ ಗೆರೆ ಕಣ್ಣಿನ ಕೆಳಗಿನಿಂದ ಹೆಚ್ಚುಕಡಿಮೆ ತುದಿಯವರೆಗೂ ನೇರ. ಅದರ ಉದ್ದಕ್ಕೂ ಸೂಜಿಯಂಥ, ಒಂದೇ ಅಳತೆಯ ಸಣ್ಣ ಹಲ್ಲುಗಳು ಸಾಲಾಗಿ ನಿಂತು ಪಕ್ಕಕ್ಕೆ ಚಾಚಿಕೊಂಡಿವೆ. ಮೇಲಿನದೊಂದು, ಕೆಳಗಿನದೊಂದು ಹೀಗೆ ಎರಡೂ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡು ಹೊರಗೇ ಉಳಿಯುತ್ತವೆ. ನೂರಕ್ಕೂ ಹೆಚ್ಚು ಹಲ್ಲುಗಳಿರುವ ಬಾಯಿ ಅದು. ಮಗರ್‌ಗೆ ಇರುವುದು ಅರವತ್ತರ ಮೇಲೆ ಕೆಲವು. ಘರಿಯಾಲ್‌ನ ಮೂತಿಯ ತುದಿ ಮಾತ್ರ ಸ್ವಲ್ಪ ಅಗಲವಾಗಿದ್ದು, ಅಲ್ಲಿನ ಕೆಲವು ಹಲ್ಲುಗಳು ಇನ್ನಷ್ಟು ಉದ್ದ.

ಈ ರಚನೆಗೆ ಕಾರಣ ಊಟ. ಘರಿಯಾಲ್‌ನ ಮುಖ್ಯ ಆಹಾರ ಮೀನು. ಕಿರಿದಾದ ಮೂತಿಯನ್ನು ನೀರಿನೊಳಗೆ ಪಕ್ಕಕ್ಕೆ ಬೀಸುವಾಗ ನೀರಿನ ತಡೆ ಕಡಿಮೆ. ಸಿಕ್ಕ ಮೀನು ಜಾರದಂತೆ ಆ ಸೂಜಿ ಹಲ್ಲುಗಳು ಹಿಡಿದಿಡುತ್ತವೆ. ದೊಡ್ಡ ಪ್ರಾಣಿಯನ್ನು ಹಿಡಿದು ಎಳೆದಾಡುವ ಬಲ ಆ ಸಪೂರ ದವಡೆಗಿಲ್ಲ. ಮಗರ್ ಮೀನನ್ನೂ ತಿನ್ನುತ್ತದೆ, ಆಮೆಯ ಚಿಪ್ಪನ್ನೂ ಒಡೆಯುತ್ತದೆ, ನೀರಿಗೆ ಬಂದ ಜಿಂಕೆ, ನಾಯಿಯನ್ನೂ ಎಳೆಯುತ್ತದೆ. ಅದಕ್ಕೆ ಬೇಕಾದ ದಪ್ಪ ಹಲ್ಲು, ಅಗಲ ದವಡೆ ಎರಡೂ ಅದಕ್ಕಿವೆ.

ಇನ್ನು ಮೂತಿಯ ಅಳತೆ. ಮಗರ್‌ನ ಮೂತಿಯ ಉದ್ದ, ಅದರ ಬುಡದ ಅಗಲಕ್ಕಿಂತ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟು. ಘರಿಯಾಲ್‌ನಲ್ಲಿ ಇದು ಮೂರೂವರೆ ಪಟ್ಟಿನ ಆಸುಪಾಸು, ಎಳೆಯ ಪ್ರಾಣಿಯಲ್ಲಿ ಇನ್ನೂ ಹೆಚ್ಚು. ಮೊಟ್ಟೆಯಿಂದ ಹೊರಬಂದ ಮರಿಗೂ ಮೂತಿ ಕಡ್ಡಿಯಷ್ಟು ಸಪೂರವಾಗಿರುವುದರಿಂದ ಮರಿಗಳನ್ನು ಗುರುತಿಸುವುದು ಸುಲಭ. ಪಟ್ಟಿನ ಲೆಕ್ಕಕ್ಕಿಂತಲೂ ಕಣ್ಣಿಗೆ ಹತ್ತಿರವಾದ ಗುರುತೊಂದಿದೆ. ಮಗರ್‌ನ ತಲೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಕಿರಿದಾಗುತ್ತ ಹೋಗುತ್ತದೆ, ತಲೆ ಎಲ್ಲಿ ಮುಗಿಯಿತು, ಮೂತಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಘರಿಯಾಲ್‌ನಲ್ಲಿ ಅಗಲವಾದ ತಲೆ ಕಣ್ಣುಗಳ ಮುಂದೆ ಥಟ್ಟನೆ ನಿಂತು, ಅಲ್ಲಿಂದ ಮೂತಿ ಕೋಲಿನಂತೆ ಹೊರಡುತ್ತದೆ.

ಇದೆಲ್ಲ ಪಕ್ಕದಿಂದಲೋ ಮೇಲಿನಿಂದಲೋ ತೆಗೆದ ಫೋಟೊಗೆ ಸರಿ. ದೋಣಿಯಿಂದ ತೆಗೆದ ಫೋಟೊಗಳ ತೊಂದರೆ ಏನೆಂದರೆ, ಪ್ರಾಣಿಗಳು ಅನೇಕ ಸಲ ನೀರಿನ ಕಡೆಗೇ, ಅಂದರೆ ಕ್ಯಾಮೆರಾ ಕಡೆಗೇ ಮುಖ ಮಾಡಿರುತ್ತವೆ. ಆಗ ಉದ್ದದ ಮೂತಿಯೂ ಮೊಂಡಾಗಿ ಕಾಣುತ್ತದೆ. ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದರೆ ಹಿಂದುಮುಂದಿನ ಅಂತರ ಇನ್ನಷ್ಟು ಕುಗ್ಗಿದಂತೆ ಕಂಡು, ಮೂತಿಯ ಉದ್ದ ಬಹುತೇಕ ಮಾಯವಾಗುತ್ತದೆ.

ಅಂಥದ್ದೊಂದು ಫೋಟೊವನ್ನೇ ತೆಗೆದುಕೊಳ್ಳೋಣ. ಫೆಬ್ರವರಿಯ ಬೆಳಗ್ಗೆ, ತಗ್ಗಿನಲ್ಲಿರುವ ದೋಣಿಯಿಂದ ತೆಗೆದದ್ದು, ಮರಳ ಮೇಲೆ ಮೂರು ಪ್ರಾಣಿಗಳು. ಎಡಗಡೆಯದು ಪೂರ್ತಿ ಪಕ್ಕಕ್ಕೆ ತಿರುಗಿದೆ. ನೀಳ ಮೂತಿ, ನೇರ ಬಾಯಿ, ಒಂದೇ ಸಮನಾದ ಹಲ್ಲು. ಗಡ್ಡೆ ಇಲ್ಲ. ಇದು ಘರಿಯಾಲ್, ಹೆಣ್ಣೋ ಎಳೆಯ ಗಂಡೋ ಹೇಳಲಾಗದು. ನಡುವಿನದು ಬಾಯಿ ತೆರೆದು ಮಲಗಿದೆ. ಮೊಸಳೆಗಳು ಹಾಗೆ ಬಾಯಿ ತೆರೆದಿಡುವುದು ಮೈಯ ಶಾಖವನ್ನು ಹದದಲ್ಲಿಡಲು. ನೋಡುವವರಿಗೆ ಅದು ಸಿಟ್ಟಿನಂತೆ ಕಾಣುತ್ತದೆ. ತೆರೆದ ಬಾಯಲ್ಲಿ ನಾಲ್ಕನೇ ಹಲ್ಲು ಕಚ್ಚಿನಲ್ಲಿ ಕೂತಿರುವುದಿಲ್ಲ, ಆ ಪರೀಕ್ಷೆ ಇಲ್ಲಿ ನಡೆಯದು. ಆದರೆ ಮೇಲ್ದವಡೆಯ ಅಂಚು ಕಾಣುತ್ತಿದೆ: ಅದು ಡೊಂಕಾಗಿದೆ, ಹಲ್ಲುಗಳ ದಪ್ಪ ಏರಿಳಿಯುತ್ತಿದೆ. ಮಗರ್ ಎನ್ನಲು ಅಷ್ಟು ಸಾಕು.

ಬಲಗಡೆಯದು ನೇರವಾಗಿ ನಮ್ಮ ಕಡೆ ನೋಡುತ್ತಿದೆ. ಮೂತಿಯ ಉದ್ದ ತಿಳಿಯುವ ದಾರಿಯೇ ಇಲ್ಲ. ಹೆಚ್ಚಿನವರು ತಪ್ಪುವುದು ಇಂಥದ್ದರಲ್ಲೇ, ‘ಮೂತಿ ಗಿಡ್ಡ, ಆದ್ದರಿಂದ ಮಗರ್’ ಎಂದುಬಿಡುತ್ತಾರೆ. ಇಲ್ಲಿ ನೋಡಬೇಕಾದದ್ದು ಅಗಲವನ್ನು. ಎರಡು ಕಣ್ಣುಗಳ ನಡುವಿನ ಅಂತರವನ್ನೂ ಅವುಗಳ ಮುಂದೆ ಕಾಣುವ ಮೂತಿಯ ಅಗಲವನ್ನೂ ಹೋಲಿಸಿ. ಮಗರ್‌ನಲ್ಲಿ ಕಣ್ಣುಗಳು ಹತ್ತಿರ, ಮೂತಿ ಅವುಗಳಿಗಿಂತ ಅಗಲ. ಎದುರಿನಿಂದ ನೋಡಿದರೆ ಮೂತಿಯೇ ತಲೆಯ ಬಹುಭಾಗವನ್ನು ಮರೆಮಾಡುತ್ತದೆ. ಘರಿಯಾಲ್‌ನಲ್ಲಿ ಕಣ್ಣುಗಳು ದೂರದೂರ, ಮೇಲೆದ್ದು ನಿಂತಿವೆ, ಮೂತಿ ಆ ಎರಡರ ನಡುವೆಯೇ ಅಡಗುತ್ತದೆ. ನಮ್ಮ ಫೋಟೊದಲ್ಲಿ ಮೂತಿಯ ಎರಡೂ ಬದಿಗೆ ಕಣ್ಣುಗಳೂ ಕೆನ್ನೆಯೂ ಧಾರಾಳವಾಗಿ ಕಾಣುತ್ತಿವೆ. ಹಾಗಾಗಿ ಮೂರನೆಯದು ಘರಿಯಾಲ್.

ಬಣ್ಣವನ್ನು ನಂಬಬೇಡಿ. ಘರಿಯಾಲ್ ತಿಳಿಯಾದ ಆಲಿವ್ ಬಣ್ಣದ್ದು, ಮಗರ್ ಕಪ್ಪುಮಿಶ್ರಿತ ಬೂದು ಎನ್ನುತ್ತಾರೆ. ಒಣಗಿದ ಕೆಸರು ಮೆತ್ತಿದ ಮಗರ್ ಮರಳಿನಷ್ಟೇ ತಿಳಿಯಾಗಿ ಕಾಣುತ್ತದೆ, ಆಗಷ್ಟೇ ನೀರಿನಿಂದ ಎದ್ದ ಘರಿಯಾಲ್ ಕಪ್ಪಗೆ ಕಾಣುತ್ತದೆ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದ ಬರಿ ಮರಳಿನ ಮೇಲೆ ಗಾತ್ರವೂ ಮೋಸ ಮಾಡುತ್ತದೆ. ತಲೆ ನೀರೊಳಗಿದ್ದರೆ ಮಾತ್ರ ಮೈ ನೋಡಬಹುದು. ಕತ್ತಿನ ದೊಡ್ಡ ಚಿಪ್ಪುಗಳು ಪ್ರತ್ಯೇಕ ಗುಂಪಾಗಿದ್ದು, ಅವಕ್ಕೂ ಬೆನ್ನಿನ ಚಿಪ್ಪುಗಳಿಗೂ ನಡುವೆ ಜಾಗ ಬಿಟ್ಟಿದ್ದರೆ ಮಗರ್; ಕತ್ತಿನಿಂದ ಬೆನ್ನಿನವರೆಗೆ ಒಂದೇ ಸಾಲಾಗಿ ಮುಂದುವರಿದಿದ್ದರೆ ಘರಿಯಾಲ್. ಡ್ರೋನ್ ಚಿತ್ರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಾಲುಗಳ ಮೇಲೆ ಹೊಟ್ಟೆ ಎತ್ತಿ ನಡೆಯುತ್ತಿರುವ ದೊಡ್ಡ ಪ್ರಾಣಿಯಾದರೆ ಅದು ಮಗರ್. ಬೆಳೆದ ಘರಿಯಾಲ್‌ಗೆ ಹಾಗೆ ನಡೆಯಲಾಗದು, ಹೊಟ್ಟೆಯ ಮೇಲೆ ಜಾರಿಕೊಂಡು ಹೋಗುತ್ತದೆ. ನೀರಿನ ಅಂಚು ಬಿಟ್ಟು ಅದು ದೂರ ಹೋಗದಿರುವುದೂ ಅದಕ್ಕೇ.

ಫೋಟೊ ಎಲ್ಲಿಯದು ಎಂಬುದೇ ಎಷ್ಟೋ ಸಲ ಅರ್ಧ ಉತ್ತರ. ಘರಿಯಾಲ್‌ನ ಸಹಜ ನೆಲೆ ಉತ್ತರದ ನದಿಗಳು: ಚಂಬಲ್, ಗಂಗಾ ಮತ್ತು ಅದರ ಉಪನದಿಗಳು, ಒಡಿಶಾದ ಮಹಾನದಿ, ನೇಪಾಳದ ಕೆಲವು ನದಿಗಳು. ಕೃಷ್ಣಾ, ತುಂಗಭದ್ರಾ, ಕಾವೇರಿ, ಕಾಳಿ ಇವ್ಯಾವುದರಲ್ಲೂ ಅದು ಇಲ್ಲ. ಕೃಷ್ಣೆಯ ಪ್ರವಾಹ ಇಳಿದ ಮೇಲೆ ಹೊಲದಲ್ಲಿ ಕಂಡ ಮೊಸಳೆ ಮಗರ್ ಆಗಿರುತ್ತದೆ, ಫೋಟೊದ ಕೆಳಗೆ ಏನೇ ಬರೆದಿದ್ದರೂ. ನಮ್ಮವರು ಘರಿಯಾಲ್ ನೋಡಬೇಕೆಂದರೆ ಮೈಸೂರಿನ ಮೃಗಾಲಯಕ್ಕೆ ಹೋಗಬಹುದು, ಇಲ್ಲವೇ ಚಂಬಲ್‌ಗೆ.

ಈ ಗುರುತಿನ ಮೇಲೆ ಪ್ರಾಣಿಯ ಪ್ರಾಣವೇ ನಿಂತಿರುವುದುಂಟು. 1975ರಲ್ಲಿ ಭಾರತದಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಶುರುವಾದಾಗ ಘರಿಯಾಲ್ ಅಳಿವಿನ ಅಂಚಿನಲ್ಲಿತ್ತು; ಇಂದಿಗೂ ಅದು ಅತ್ಯಂತ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಘಾಟಿನಲ್ಲಿ ಜಾನುವಾರನ್ನು ಎಳೆದದ್ದು ಮಗರ್ ಆಗಿದ್ದು, ಎದುರಿನ ದಿಬ್ಬದ ಮೇಲೆ ಮಲಗಿದ್ದ ಘರಿಯಾಲ್‌ನ ಫೋಟೊ ಊರೆಲ್ಲ ಹರಿದಾಡಿದರೆ, ಜನರ ಸಿಟ್ಟು ಮೀನು ತಿನ್ನುವ ಪ್ರಾಣಿಯ ಮೇಲೆ ತಿರುಗುತ್ತದೆ. ಘಾಟಿನಲ್ಲಿ ಬಟ್ಟೆ ಒಗೆಯುವವರಿಗೂ ಇದರ ಉಲ್ಟಾ ತಪ್ಪು ಅಪಾಯದ್ದೇ: ‘ಅದು ಘರಿಯಾಲ್, ಏನೂ ಮಾಡಲ್ಲ’ ಎಂದು ಮಗರ್ ಇರುವ ಕಡೆ ನೀರಿಗಿಳಿಯಬಾರದು.

ಘರಿಯಾಲ್ ಎಂದು ಖಾತ್ರಿಯಾದ ಫೋಟೊದಲ್ಲಿ ಆ ಹಲ್ಲಿನ ಸಾಲನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡುವುದು ಒಳ್ಳೆಯದು. ಹೊರಗೆ ಚಾಚಿದ ಆ ಹಲ್ಲುಗಳಿಗೆ ಮೀನಿನ ನೈಲಾನ್ ಬಲೆ ಬೇಗ ಸಿಕ್ಕಿಕೊಳ್ಳುತ್ತದೆ. ಸುತ್ತಿಕೊಂಡರೆ ಬಾಯಿ ತೆರೆಯಲಾಗದೆ ಪ್ರಾಣಿ ಹಸಿವಿನಿಂದ ಸಾಯಬಹುದು. ನೀರಿನಡಿಯಲ್ಲಿ ಸಿಕ್ಕಿಬಿದ್ದರೆ ಉಸಿರುಕಟ್ಟಿ ಸಾಯುತ್ತದೆ. ಮೂತಿಯ ಸುತ್ತ ನೀಲಿಯೋ ಹಸಿರೋ ಎಳೆ ಕಂಡರೆ, ಮೂಲ ಫೋಟೊವನ್ನು ಕತ್ತರಿಸದೆ, ಜಾಗ ಮತ್ತು ಸಮಯದ ಸಮೇತ ಅಲ್ಲಿನ ಅರಣ್ಯ ಇಲಾಖೆಗೆ ಅಂದೇ ತಲುಪಿಸಬೇಕು. ಮರುದಿನ ಆ ಪ್ರಾಣಿ ಅದೇ ದಿಬ್ಬದಲ್ಲಿ ಇದ್ದೇ ಇರುತ್ತದೆ ಎನ್ನುವಂತಿಲ್ಲ.