ಮೂಲೆಯ ಬಿಂದುವಿನ ಅರ್ಧ ಲೆಕ್ಕ

ಇಪ್ಪತ್ತು ಸೆಂಟಿಮೀಟರ್ ಚೌಕದ, ಉದ್ದನೆಯ ಒಂದು ಇಟ್ಟಿಗೆ ಕಂಬವನ್ನು ಅಡ್ಡ ಕೊಯ್ದಂತೆ ಕಲ್ಪಿಸಿಕೊಳ್ಳಿ. ಅದರ ಎಡಮಗ್ಗುಲು ಮತ್ತು ಮೇಲ್ಭಾಗ ಒಲೆಯ ಗೋಡೆಗೆ ಅಂಟಿ ಸದಾ 100 ಡಿಗ್ರಿಯಲ್ಲಿವೆ. ಬಲಮಗ್ಗುಲಿಗೆ ಶಾಖ ದಾಟದಂತೆ ದಪ್ಪ ಗಾಜಿನ ಉಣ್ಣೆ ಹೊದಿಸಿದೆ. ತಳ ಮಾತ್ರ 30 ಡಿಗ್ರಿಯ ಗಾಳಿಗೆ ತೆರೆದುಕೊಂಡಿದೆ. ಒಲೆ ಬಹಳ ಹೊತ್ತಿನಿಂದ ಉರಿಯುತ್ತಿರುವುದರಿಂದ ಒಳಗಿನ ತಾಪ ಈಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾದರೆ ಒಳಗೆ ಎಲ್ಲಿ ಎಷ್ಟು ಬಿಸಿ?

ನಾಲ್ಕು ಅಂಚುಗಳಿಗೆ ಮೂರು ಬಗೆಯ ನಿಬಂಧನೆಗಳಿರುವ ಇಂಥ ಪ್ರಶ್ನೆಗೆ ಕಾಗದದ ಮೇಲೆ ಪೂರ್ಣ ಸೂತ್ರ ಬರೆಯುವುದು ತ್ರಾಸದ ಕೆಲಸ. ಪರಿಮಿತ ವ್ಯತ್ಯಾಸ ವಿಧಾನ ಬೇರೆ ದಾರಿ ಹಿಡಿಯುತ್ತದೆ. ಚೌಕದ ಮೇಲೆ ಹತ್ತು ಸೆಂಟಿಮೀಟರಿಗೊಂದು ಗೆರೆ ಎಳೆದರೆ ಒಂಬತ್ತು ಬಿಂದುಗಳು ಸಿಗುತ್ತವೆ. ಅವುಗಳಲ್ಲಿ ಐದು ಬಿಸಿ ಅಂಚುಗಳ ಮೇಲಿವೆ, ಅವುಗಳ ತಾಪ ನಮಗೆ ಗೊತ್ತು. ಉಳಿದ ನಾಲ್ಕಕ್ಕೆ ನಡು, ಬಲ, ತಳ, ಮೂಲೆ ಎಂದು ಹೆಸರಿಡೋಣ. ಬಲ ಎಂದರೆ ಬಲ ಅಂಚಿನ ಮಧ್ಯ, ತಳ ಎಂದರೆ ಕೆಳ ಅಂಚಿನ ಮಧ್ಯ, ಮೂಲೆ ಎಂದರೆ ಕೆಳಗಿನ ಬಲಮೂಲೆ.

ಇನ್ನು ಪ್ರತಿ ಬಿಂದುವಿಗೂ ಅದರ ಸುತ್ತಲಿನ ಒಂದಿಷ್ಟು ಜಾಗವನ್ನು ಹಂಚಿಕೊಟ್ಟು ಶಾಖದ ಜಮಾಖರ್ಚು ಬರೆಯಬೇಕು. ತಾಪ ಬದಲಾಗದ ಸ್ಥಿತಿಯಲ್ಲಿ ಆ ಜಾಗಕ್ಕೆ ಬಂದ ಶಾಖದ ಮೊತ್ತ ಸೊನ್ನೆಯಾಗಲೇಬೇಕು. ಇಟ್ಟಿಗೆಯ ಉಷ್ಣವಾಹಕತೆಯನ್ನು ಒಂದು ಎಂದು ಹಿಡಿದರೆ, ಕಂಬದ ಪ್ರತಿ ಮೀಟರ್ ಉದ್ದಕ್ಕೆ, ಪಕ್ಕದ ಬಿಂದುವಿನೊಡನೆ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಒಂದು ವ್ಯಾಟ್ ಹರಿಯುತ್ತದೆ. ಗಾಳಿ ಪ್ರತಿ ಚದರ ಮೀಟರಿನಿಂದ ಡಿಗ್ರಿಗೆ ಹತ್ತು ವ್ಯಾಟ್ ಒಯ್ಯುತ್ತದೆ ಎನ್ನೋಣ. ಆಗ ಹತ್ತು ಸೆಂಟಿಮೀಟರ್ ತಳದಿಂದಲೂ ಡಿಗ್ರಿಗೆ ಒಂದೇ ವ್ಯಾಟ್.

ನಡುವಿನ ಬಿಂದುವಿನ ಲೆಕ್ಕ ಸುಲಭ, ನಾಲ್ಕು ನೆರೆಯವರ ಸರಾಸರಿಯೇ ಅದರ ತಾಪ. ಅಂಚಿಗೆ ಬಂದಾಗ ಜಾಗ ಅರ್ಧವಾಗುತ್ತದೆ. ತಳದ ಬಿಂದುವಿಗೆ ಮೇಲಿಂದ ಪೂರ್ತಿ ಅಗಲದಲ್ಲಿ ಶಾಖ ಬರುತ್ತದೆ, ಅಕ್ಕಪಕ್ಕದಿಂದ ಅರ್ಧ ಅಗಲದಲ್ಲಿ ಮಾತ್ರ. ಮೂಲೆಯದು ಕಾಲು ಜಾಗ: ಎರಡು ಕಡೆಯಿಂದ ಅರ್ಧರ್ಧ ಶಾಖ ಬರುತ್ತದೆ, ಗಾಳಿಗೆ ತೆರೆದಿರುವುದೂ ಐದೇ ಸೆಂಟಿಮೀಟರ್. ಉಣ್ಣೆಯ ಕಡೆಯಿಂದ ಏನೂ ಬರುವುದಿಲ್ಲ, ಹೋಗುವುದಿಲ್ಲ. ಭಿನ್ನರಾಶಿ ಹೋಗುವಂತೆ ಎರಡರಿಂದ ಗುಣಿಸಿದರೆ ಸಮೀಕರಣಗಳು ಹೀಗಾಗುತ್ತವೆ:

4 × ನಡು = 100 + 100 + ಬಲ + ತಳ
4 × ಬಲ = 2 × ನಡು + 100 + ಮೂಲೆ
6 × ತಳ = 2 × ನಡು + 100 + ಮೂಲೆ + 60
3 × ಮೂಲೆ = ಬಲ + ತಳ + 30

ಇವನ್ನು ಬಿಡಿಸಲು ಕಂಪ್ಯೂಟರೇ ಬೇಕೆಂದಿಲ್ಲ. ಎಲ್ಲಕ್ಕೂ 70 ಡಿಗ್ರಿ ಎಂದು ಊಹಿಸಿ, ಹೊಸದಾಗಿ ಬಂದ ಬೆಲೆಯನ್ನು ಕೂಡಲೇ ಮುಂದಿನ ಸಾಲಿಗೆ ಹಾಕುತ್ತ ಹೋಗಿ. ಮೊದಲ ಸುತ್ತಿಗೇ 85, 85, 66.7, 60.6 ಬರುತ್ತವೆ. ಇನ್ನೂ ಕೆಲವು ಸುತ್ತು ಹೋದರೆ ಬೆಲೆಗಳು ನೆಲೆ ನಿಲ್ಲುತ್ತವೆ: ನಡು 87.3, ಬಲ 83.6, ತಳ 65.7, ಮೂಲೆ 59.8.

ವಿದ್ಯಾರ್ಥಿಗಳು ಎಡವುವುದು ಮೂಲೆಯಲ್ಲಿ. ಗಾಳಿಗೆ ತೆರೆದ ಐದು ಸೆಂಟಿಮೀಟರನ್ನು ಹತ್ತು ಎಂದು ಬರೆದುಬಿಟ್ಟರೆ ಮೂಲೆಯ ತಾಪ 51.2 ಎಂದು ಬರುತ್ತದೆ. ಅದು 30 ಮತ್ತು 100ರ ನಡುವೆಯೇ ಇದೆ, ಮೂಲೆ ಎಲ್ಲಕ್ಕಿಂತ ತಣ್ಣಗೂ ಇದೆ. ನೋಡಿದರೆ ತಪ್ಪೆನ್ನಿಸುವುದಿಲ್ಲ, ಅಪಾಯವಿರುವುದೇ ಅಲ್ಲಿ.

ಅದನ್ನು ಹಿಡಿಯುವ ಖಚಿತ ಉಪಾಯ ಇಡೀ ಚೌಕದ ಲೆಕ್ಕ. ಸರಿಯಾದ ಉತ್ತರದಲ್ಲಿ ಬಿಸಿ ಅಂಚುಗಳಿಂದ ನಮ್ಮ ನಾಲ್ಕು ಬಿಂದುಗಳಿಗೆ ಬಂದ ಶಾಖವನ್ನು ಕೂಡಿದರೆ ಮೀಟರಿಗೆ 50.6 ವ್ಯಾಟ್. ತಳ ಮತ್ತು ಮೂಲೆಯಿಂದ ಗಾಳಿಗೆ ಹೋದದ್ದೂ 50.6. ತಪ್ಪು ಉತ್ತರದಲ್ಲಿ ಬಂದದ್ದು 55.2 ವ್ಯಾಟ್, ಆದರೆ ನಿಜವಾದ ಅಗಲ ಹಿಡಿದು ಲೆಕ್ಕ ಹಾಕಿದರೆ ಹೋದದ್ದು 44.5. ನಡುವೆ ಮಾಯವಾದ 10.6 ವ್ಯಾಟ್, ಮೂಲೆಗೆ ನಾವು ಹೆಚ್ಚಿಗೆ ಕೊಟ್ಟ ಐದು ಸೆಂಟಿಮೀಟರಿನ ಪಾಲು. ಆದ್ದರಿಂದ ಈ ಕೂಡುವ ಕೆಲಸವನ್ನು ಸಮೀಕರಣದ ಸಂಖ್ಯೆಗಳಿಂದಲ್ಲ, ಚಿತ್ರದ ಅಳತೆಗಳಿಂದ ಮಾಡಬೇಕು. ಇಲ್ಲವಾದರೆ ತಪ್ಪು ತನ್ನನ್ನು ತಾನೇ ಸರಿ ಎಂದು ತೋರಿಸಿಕೊಳ್ಳುತ್ತದೆ.

ಲೆಕ್ಕ ಸರಿಹೊಂದಿದರೂ ಉತ್ತರ ಅಂದಾಜೇ. ಎರಡು ಬಿಂದುಗಳ ನಡುವೆ ತಾಪ ನೇರ ಗೆರೆಯಲ್ಲಿ ಇಳಿಯುತ್ತದೆ ಎಂದು ನಾವು ಹಿಡಿದಿದ್ದೇವೆ. ಬಿಸಿಗೋಡೆ ತೆರೆದ ತಳವನ್ನು ಮುಟ್ಟುವ ಎಡಮೂಲೆಯಲ್ಲಿ ಹತ್ತೇ ಸೆಂಟಿಮೀಟರಿನಲ್ಲಿ ತಾಪ 100ರಿಂದ 65.7ಕ್ಕೆ ಬೀಳುತ್ತದೆ. ಈ ಹಿಡಿಕೆ ಅಲ್ಲಿ ಎಲ್ಲಕ್ಕಿಂತ ಸಡಿಲ. ಗೆರೆಗಳ ಅಂತರವನ್ನು ಐದು ಸೆಂಟಿಮೀಟರಿಗೆ ಇಳಿಸಿದರೆ ಗೊತ್ತಿಲ್ಲದ ಬಿಂದುಗಳು ನಾಲ್ಕರಿಂದ ಹದಿನಾರಾಗುತ್ತವೆ. ಅವನ್ನೂ ಬಿಡಿಸಿ, ನಡುವಿನ ಬಿಂದು 87.3ರಿಂದ ಎಷ್ಟು ಸರಿಯಿತು ಎಂದು ನೋಡಿ.