ತಿರುಗದ ಗುಬುಟು, ಖಾಲಿ ಚೌಕಟ್ಟು

35 ಎಂ.ಎಂ. ಫಿಲ್ಮು ಸಣ್ಣ ಲೋಹದ ಡಬ್ಬಿಯೊಳಗೆ ಸುರುಳಿಯಾಗಿ ಸುತ್ತಿರುತ್ತದೆ. ಡಬ್ಬಿಯ ಸೀಳಿನ ಎರಡೂ ತುಟಿಗಳಿಗೆ ಕಪ್ಪು ಮಖಮಲ್ಲಿನಂಥ ಬಟ್ಟೆ ಅಂಟಿಸಿರುತ್ತಾರೆ. ಫಿಲ್ಮು ಹೊರಬರಲು ಬಿಟ್ಟು ಬೆಳಕು ಒಳಹೋಗದಂತೆ ತಡೆಯುವುದು ಈ ಬಟ್ಟೆ. 36 ಚಿತ್ರಗಳ ರೋಲಿನಲ್ಲಿ ಫಿಲ್ಮಿನ ಉದ್ದ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಅದರ ಒಳತುದಿ ಡಬ್ಬಿಯ ನಡುವಿನ ಉರುಳೆಗೆ ಅಂಟಿಕೊಂಡಿರುತ್ತದೆ. ಅರ್ಧ ಅಗಲಕ್ಕೆ ಕತ್ತರಿಸಿದ ಹೊರತುದಿ ನಾಲಿಗೆಯಂತೆ ಹೊರಗೆ ಚಾಚಿರುತ್ತದೆ. ಈ ನಾಲಿಗೆಗೆ ಬೆಳಕು ತಾಗಿಯೇ ಇರುವುದರಿಂದ ಅದರ ಮೇಲೆ ಚಿತ್ರ ಮೂಡುವುದಿಲ್ಲ.

1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000 ಪೂರ್ಣ ಕೈಚಾಲಿತ ಕ್ಯಾಮೆರಾ. ಅದರಲ್ಲಿ ಎಡಬದಿಯ ರಿವೈಂಡ್ ಗುಬುಟನ್ನು ಮೇಲಕ್ಕೆ ಎಳೆದರೆ ಹಿಂಬಾಗಿಲು ತೆರೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಈ ಕೆಲಸ ಮಾಡಬಾರದು, ನೆರಳು ಬೇಕು. ನೆರಳೇ ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಮೈಯ ನೆರಳಿನಲ್ಲಿ ಮಾಡಬಹುದು. ಡಬ್ಬಿಯನ್ನು ಎಡಗಡೆಯ ಗೂಡಿನಲ್ಲಿ ಕೂರಿಸಿ ಗುಬುಟನ್ನು ಕೆಳಕ್ಕೆ ಒತ್ತಿದರೆ ಅದರ ಕಡ್ಡಿ ಡಬ್ಬಿಯ ಉರುಳೆಯನ್ನು ಹಿಡಿಯುತ್ತದೆ. ನಾಲಿಗೆಯನ್ನು ಬಲಗಡೆಗೆ ಎಳೆದು, ಅಲ್ಲಿನ ಸುತ್ತುವ ಉರುಳೆಯ ಸೀಳಿಗೆ ತೂರಿಸಿ, ಲೀವರನ್ನು ನಿಧಾನವಾಗಿ ತಳ್ಳಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ನಾಲಿಗೆಯ ಭಾಗದಲ್ಲಿ ಒಂದೇ ಅಂಚಿಗೆ ತೂತುಗಳಿರುತ್ತವೆ. ಆ ಒಂದು ಸಾಲು ಹಲ್ಲುಗಾಲಿಗೆ ಸಿಕ್ಕಿತೆಂದು ಬಾಗಿಲು ಮುಚ್ಚಿದರೆ ತುದಿ ಜಾರಿ ಹೊರಬರುವ ಸಂಭವ ಉಂಟು. ಫಿಲ್ಮಿನ ಪೂರ್ಣ ಅಗಲ ಬಂದು, ಮೇಲಿನ ಮತ್ತು ಕೆಳಗಿನ ಎರಡೂ ಸಾಲಿನ ತೂತುಗಳಲ್ಲಿ ಹಲ್ಲುಗಳು ಕೂತದ್ದನ್ನು ಕಣ್ಣಾರೆ ನೋಡಿಯೇ ಬಾಗಿಲು ಮುಚ್ಚಬೇಕು. ಇದಕ್ಕಾಗಿ ಇನ್ನೊಂದು ಚೌಕಟ್ಟಿನಷ್ಟು ಫಿಲ್ಮು ಹಾಳಾದರೂ ಸರಿ, ಒಂದು ಚಿತ್ರ ಉಳಿಸಲು ಹೋಗಿ 36ನ್ನೂ ಕಳೆದುಕೊಳ್ಳುವುದು ಬೇಡ.

ಬಾಗಿಲು ಮುಚ್ಚಿದ ಮೇಲೆ ರಿವೈಂಡ್ ಹಿಡಿಯನ್ನು ಬಿಡಿಸಿ, ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಬೇಕು. ಸಡಿಲವಿದ್ದ ಫಿಲ್ಮು ಬಿಗಿಯಾಗಿ ಕೈಗೆ ತಡೆ ಸಿಕ್ಕೊಡನೆ ನಿಲ್ಲಿಸಬೇಕು. ಬಳಿಕ ಎಣಿಕೆ 1ಕ್ಕೆ ಬರುವವರೆಗೆ ಬರಿದೇ ಒಂದೆರಡು ಸಲ ಶಟರ್ ಒತ್ತಿ ಲೀವರ್ ತಳ್ಳಬೇಕು. ಆಗ ನೋಡಬೇಕಾದದ್ದು ಎಣಿಕೆಯನ್ನಲ್ಲ, ಗುಬುಟನ್ನು. ಒಳಗೆ ಫಿಲ್ಮು ಇರಲಿ ಬಿಡಲಿ, ಲೀವರ್ ತಳ್ಳಿದಷ್ಟು ಸಲ ಎಣಿಕೆ ಏರುತ್ತದೆ. ಗುಬುಟು ಮಾತ್ರ ಫಿಲ್ಮು ಡಬ್ಬಿಯಿಂದ ನಿಜವಾಗಿ ಹೊರಬರುತ್ತಿದ್ದರೆ ಹಿಂದಕ್ಕೆ ತಿರುಗುತ್ತದೆ. ಗುಬುಟು ತಿರುಗದೆ ನಿಂತಿದ್ದರೆ ಫಿಲ್ಮು ಸಿಕ್ಕಿಕೊಂಡಿಲ್ಲ ಎಂದೇ ತಿಳಿಯಬೇಕು.

ರೋಲು ಮುಗಿದಾಗ ಲೀವರ್ ಅರ್ಧದಲ್ಲಿ ತಡೆಯುತ್ತದೆ. ಅಲ್ಲಿ ಬಲ ಹಾಕಿದರೆ ಫಿಲ್ಮಿನ ಒಳತುದಿ ಉರುಳೆಯಿಂದ ಕಿತ್ತುಬರುತ್ತದೆ. ಆಮೇಲೆ ಹಿಂದಕ್ಕೆ ಸುತ್ತುವ ದಾರಿಯೇ ಇರುವುದಿಲ್ಲ, ಕತ್ತಲಕೋಣೆಯಲ್ಲೋ ಬೆಳಕು ತೂರದ ಕಪ್ಪು ಚೀಲದಲ್ಲೋ ಕೈಯಿಂದ ಬಿಡಿಸಿ ತೆಗೆಯಬೇಕಾಗುತ್ತದೆ. ತಡೆ ಸಿಕ್ಕೊಡನೆ ಕ್ಯಾಮೆರಾದ ತಳದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಬೇಕು. ಹಲ್ಲುಗಾಲಿ ಆಗ ಬಿಡುವಾಗಿ ತಿರುಗತೊಡಗುತ್ತದೆ. ಗುಂಡಿ ಒತ್ತದೆ ಸುತ್ತಿದರೆ ಹಲ್ಲುಗಳು ಫಿಲ್ಮಿನ ತೂತುಗಳನ್ನು ಹರಿಯುತ್ತವೆ. ಹಿಡಿಯನ್ನು ಬಾಣದ ದಿಕ್ಕಿಗೆ ಒಂದೇ ಹದದಲ್ಲಿ ತಿರುಗಿಸುತ್ತ ಹೋದರೆ ಕೊನೆಯಲ್ಲಿ ಕೈಗೆ ಒಂದು ಸಣ್ಣ ಎಳೆತ ತಿಳಿಯುತ್ತದೆ, ನಂತರ ಹಿಡಿ ಹಗುರಾಗುತ್ತದೆ. ಬಲಗಡೆಯ ಉರುಳೆಯಿಂದ ನಾಲಿಗೆ ಬಿಟ್ಟುಕೊಂಡ ಗುರುತು ಅದು. ಇನ್ನೂ ಕೆಲವು ಸುತ್ತು ಸುತ್ತಿ ನಾಲಿಗೆಯನ್ನು ಪೂರ್ತಿ ಒಳಗೆ ಎಳೆದುಕೊಳ್ಳುವುದೇ ಒಳ್ಳೆಯದು. ನಾಲಿಗೆ ಹೊರಗಿದ್ದರೆ ಹೊಸ ರೋಲೆಂದು ತಿಳಿದು ಯಾರಾದರೂ ಮತ್ತೆ ಹಾಕಿಬಿಡಬಹುದು.

ತೊಳೆದು ಬಂದ ನೆಗೆಟಿವ್‌ನಲ್ಲಿ ಚಿತ್ರವೇ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಅಂಚನ್ನು. ಕಂಪನಿಯ ಹೆಸರು ಮತ್ತು ಚೌಕಟ್ಟಿನ ಸಂಖ್ಯೆಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚುಹಾಕಿರುತ್ತಾರೆ. ಫಿಲ್ಮು ತೊಳೆಯುವಾಗ ಅವೂ ಮೂಡುತ್ತವೆ. ಅಂಚಿನ ಅಕ್ಷರಗಳೂ ಇಲ್ಲವೆಂದರೆ ತಪ್ಪು ಕ್ಯಾಮೆರಾದ್ದಲ್ಲ, ತೊಳೆಯುವಲ್ಲಿ ಆದದ್ದು. ಅಕ್ಷರಗಳು ಸ್ಪಷ್ಟವಾಗಿದ್ದು, ನಾಲಿಗೆ ಕಪ್ಪಾಗಿ, ಉಳಿದ ಉದ್ದವೆಲ್ಲ ಖಾಲಿಯಿದ್ದರೆ ಬಹುಪಾಲು ಫಿಲ್ಮು ಮುಂದೆ ಸರಿದೇ ಇಲ್ಲ. ತೆಗೆದ ಚಿತ್ರಗಳೆಲ್ಲ ಆ ಕಪ್ಪು ನಾಲಿಗೆಯ ಮೇಲೆ ಒಂದರ ಮೇಲೊಂದು ಬಿದ್ದಿವೆ. ಎಣಿಕೆ 36 ದಾಟಿ 38, 39 ಎಂದು ಏರುತ್ತಿದ್ದಾಗಲೇ ಇದನ್ನು ಸಂಶಯಿಸಬಹುದಿತ್ತು. ತೊಳೆಯುವ ಮುನ್ನ ತಿಳಿದರೆ ನಷ್ಟ ಚಿತ್ರಗಳದ್ದು ಮಾತ್ರ, ಫಿಲ್ಮನ್ನು ಸರಿಯಾಗಿ ಹಾಕಿ ಮತ್ತೆ ಬಳಸಬಹುದು.

ಗುಬುಟು ತಿರುಗುತ್ತಿದ್ದೂ ಚೌಕಟ್ಟುಗಳು ಖಾಲಿ ಬಂದಿದ್ದರೆ ಸಂಶಯ ಶಟರ್ ಮೇಲೆ. ಕೆ1000ದಲ್ಲಿ ಎರಡು ಬಟ್ಟೆಯ ಪರದೆಗಳು ಅಡ್ಡಡ್ಡಲಾಗಿ ಓಡುತ್ತವೆ. ಮೊದಲನೆಯದು ತೆರೆಯುತ್ತದೆ, ಎರಡನೆಯದು ಬೆನ್ನಟ್ಟಿ ಬಂದು ಮುಚ್ಚುತ್ತದೆ. ಎಣ್ಣೆ ಗಟ್ಟಿಯಾಗಿ ಮೊದಲ ಪರದೆ ನಿಧಾನಿಸಿದರೆ, ಸೆಕೆಂಡಿನ 1/1000ರಂಥ ವೇಗದಲ್ಲಿ ಎರಡನೆಯದು ಅದನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಆಗ ಚೌಕಟ್ಟಿನ ಒಂದು ಬದಿ ಖಾಲಿ ಉಳಿಯುತ್ತದೆ. ಫಿಲ್ಮಿಲ್ಲದೆ ಬಾಗಿಲು ತೆರೆದು, ಬೆಳ್ಳನೆಯ ಗೋಡೆಯತ್ತ ಹಿಡಿದು, ಹಿಂದಿನಿಂದ ನೋಡುತ್ತ ಶಟರ್ ಒತ್ತಿದರೆ ಇದು ಗೊತ್ತಾಗುತ್ತದೆ. ಇಡೀ ಚೌಕ ಮಿನುಗಬೇಕು. ಫ್ಲ್ಯಾಷ್ ಬಳಸಿದ ಚಿತ್ರಗಳು ಮಾತ್ರ ಅರ್ಧ ಖಾಲಿಯಿದ್ದರೆ ದೋಷ ಯಂತ್ರದ್ದಲ್ಲ. ಈ ಕ್ಯಾಮೆರಾದಲ್ಲಿ ಫ್ಲ್ಯಾಷಿಗೆ 1/60ಕ್ಕಿಂತ ಹೆಚ್ಚಿನ ವೇಗ ಇಡುವಂತಿಲ್ಲ.

ಬೆಳಕು ಸೋರಿದ ಕಲೆಗಳನ್ನು ಬೇರೆಯಾಗಿಯೇ ಓದಬೇಕು. ಕಲೆ ಚೌಕಟ್ಟಿನ ಗೆರೆ ದಾಟಿ ತೂತುಗಳ ಅಂಚಿನವರೆಗೂ ಹರಡಿದ್ದರೆ ಬೆಳಕು ಹಿಂಬಾಗಿಲಿನಿಂದ ಬಂದಿದೆ. ಚೌಕಟ್ಟಿನೊಳಗೇ ನಿಂತು, ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಂಡರೆ ಶಟರ್ ಪರದೆಯಲ್ಲಿ ಸಣ್ಣ ತೂತಿರಬಹುದು. ಕಲರ್ ಫಿಲ್ಮಿನಲ್ಲಿ ಬಣ್ಣವೂ ಸಾಕ್ಷಿ ಹೇಳುತ್ತದೆ. ಕೆಂಪು ಬೆಳಕನ್ನು ಹಿಡಿಯುವ ಪದರ ಫಿಲ್ಮಿನ ಬೆನ್ನಿಗೆ ಎಲ್ಲಕ್ಕಿಂತ ಹತ್ತಿರವಿರುವುದರಿಂದ, ಹಿಂದಿನಿಂದ ನುಗ್ಗಿದ ಬೆಳಕು ಅದನ್ನೇ ಮೊದಲು ತಾಗುತ್ತದೆ. ಹಾಗಾಗಿ ಪ್ರಿಂಟಿನಲ್ಲಿ ಕೇಸರಿ ಅಥವಾ ಕೆಂಪು ಪಟ್ಟೆ ಮೂಡುತ್ತದೆ.

ಒಂದು ರೋಲಿನಲ್ಲಿ 14ನೆಯ ಚಿತ್ರದ ಮೇಲೆ ಮಾತ್ರ ಇಂಥ ಕೇಸರಿ ಪಟ್ಟೆ ತೂತುಗಳ ತನಕ ಹಬ್ಬಿದೆ ಎಂದುಕೊಳ್ಳೋಣ. 14ನ್ನು ತೆಗೆದು ಲೀವರ್ ತಳ್ಳಿದ ಮೇಲೆ ಕ್ಯಾಮೆರಾ ಬಿಸಿಲು ಬೀಳುವ ಕಿಟಕಿಯ ಬಳಿ ಒಂದು ದಿನ ಕುಳಿತಿತ್ತು. ಆಗ ಶಟರ್ ಎದುರಿಗೆ 15ನೆಯ ಚೌಕಟ್ಟು ಇತ್ತು, ಬಾಗಿಲಿನ ಕೀಲು ಇರುವ ಬಲಬದಿಗೆ 14 ಸರಿದಿತ್ತು. ಅಂದರೆ ಸೋರಿದ್ದು ಕೀಲಿನ ಕಡೆಯಿಂದ. ಬೇಗಬೇಗ ತೆಗೆದ ಚಿತ್ರಗಳಿಗೆ ಕಲೆ ತಾಗದಿರಲು ಕಾರಣ, ಅವು ಆ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುಂದಿನ ರೋಲಿನಲ್ಲಿ ಕೀಲಿನ ಉದ್ದಕ್ಕೂ ಹೊರಗಿನಿಂದ ಕಪ್ಪು ಟೇಪ್ ಅಂಟಿಸಿ ನೋಡಿದರೆ ಖಚಿತವಾಗುತ್ತದೆ. ನಡುವೆ ಬಾಗಿಲು ಅಕಸ್ಮಾತ್ತಾಗಿ ತೆರೆದುಕೊಂಡಿದ್ದರೆ ಕಲೆ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಆಗ ಬಲಗಡೆಯ ಸುರುಳಿಯ ಹೊರಸುತ್ತಿನಲ್ಲಿದ್ದ ಕೊನೆಯ ಕೆಲವು ಚಿತ್ರಗಳು ಪೂರ್ತಿ ಕಪ್ಪಾಗಿ, ಒಳಸುತ್ತಿನ ಮೊದಮೊದಲ ಚಿತ್ರಗಳು ಎಷ್ಟೋ ಸಲ ಉಳಿದುಕೊಳ್ಳುತ್ತವೆ. ತಕ್ಷಣ ಮುಚ್ಚಿದ್ದರೆ ಡಬ್ಬಿಯೊಳಗಿನ ಫಿಲ್ಮಿಗೆ ಏನೂ ಆಗಿರುವುದಿಲ್ಲ.

ಬಾಗಿಲಿನ ಸೋರಿಕೆಗೆ ಕಾರಣ ಸಾಮಾನ್ಯವಾಗಿ ಹಳೆಯ ಫೋಮ್. ಬಾಗಿಲು ಕೂರುವ ಗಾಡಿಗಳಲ್ಲೂ ಕೀಲಿನ ಬದಿಯಲ್ಲೂ ಇರುವ ಈ ಕಪ್ಪು ಪಟ್ಟಿ ವರ್ಷಗಳು ಕಳೆದಂತೆ ಡಾಂಬರಿನ ಹಾಗೆ ಅಂಟಾಗುತ್ತದೆ, ಇಲ್ಲವೇ ಪುಡಿಯಾಗಿ ಉದುರುತ್ತದೆ. ಬಿದಿರಿನ ಹಲ್ಲುಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹಳೆಯದನ್ನು ಕೆರೆದು ತೆಗೆಯಬೇಕು. ಚೂರುಗಳು ಶಟರ್ ಪರದೆಯ ಮೇಲೆ ಬೀಳದಂತೆ ಕ್ಯಾಮೆರಾವನ್ನು ಓರೆಯಾಗಿ ಹಿಡಿಯಬೇಕು, ಪರದೆಯನ್ನು ಬೆರಳಿನಿಂದ ಮುಟ್ಟಬಾರದು. ಸ್ವಚ್ಛಗೊಂಡ ಕಿರಿದಾದ ಗಾಡಿಗಳಿಗೆ ಕಪ್ಪು ಉಣ್ಣೆಯ ನೂಲನ್ನು ಒತ್ತಿ ಕೂರಿಸಿದರೂ ಸಾಕು. ಕೀಲಿನ ಬದಿಯ ಅಗಲ ಜಾಗಕ್ಕೆ ಅಂಟಿರುವ ಹೊಸ ಫೋಮ್ ಪಟ್ಟಿ ಬೇಕು. ಅದು ತೀರ ದಪ್ಪವಾದರೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ.